ಚೀನೀ ಕೋಣೆಯೊಳಗಿನ ಮನುಷ್ಯ

ಪರಭಾಷೆಯ ಊರಿಗೆ ಹೊಸದಾಗಿ ಬಂದ ದಿನಗಳಲ್ಲಿ ನಮ್ಮಲ್ಲಿ ಅನೇಕರು ಬಸ್ಸಿನ ಫಲಕವನ್ನು ಓದಿ ಹತ್ತಿದವರಲ್ಲ, ನೋಡಿ ಹತ್ತಿದವರು. ಈ ಆಕಾರದ ಅಕ್ಷರವಿದ್ದರೆ ಹತ್ತು, ಆ ಆಕಾರದ್ದಾದರೆ ಬಿಡು ಎಂದು ಕೋಣೆಯ ಜೊತೆಗಾರರು ಹೇಳಿಕೊಟ್ಟಿರುತ್ತಾರೆ. ಹಾಗೆ ಹತ್ತಿ ಸರಿಯಾದ ಸ್ಥಳದಲ್ಲಿಯೇ ಇಳಿದೆವೆಂದ ಮಾತ್ರಕ್ಕೆ ಆ ಭಾಷೆ ನಮಗೆ ಬಂದಿತೆಂದು ಯಾರೂ ಹೇಳಲಾರರು. ಗಣಕಯಂತ್ರಕ್ಕೆ ಭಾಷೆ ತಿಳಿಯುತ್ತದೆಯೇ ಎಂಬ ವಾದದಲ್ಲಿ ಇಂಥದೇ ಒಂದು ಸಂಗತಿಯನ್ನು ಅಮೆರಿಕದ ಬರ್ಕ್ಲಿಯ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಸರ್ಲ್ 1980ರಲ್ಲಿ ಮುಂದಿಟ್ಟರು.

ಅವರ ಕಣ್ಣೆದುರಿಗಿದ್ದುದು ಯೇಲ್ ವಿಶ್ವವಿದ್ಯಾಲಯದ ರೋಜರ್ ಶ್ಯಾಂಕ್ ಮತ್ತು ಅವರ ಸಂಗಡಿಗರ ಕೆಲಸ. ಆ ಮಾದರಿಯ ಒಂದು ಪುಟ್ಟ ಕಥೆಯನ್ನು ಸರ್ಲ್ ಉದಾಹರಿಸುತ್ತಾರೆ. ಒಬ್ಬನು ಹೋಟೆಲಿಗೆ ಹೋಗಿ ಹ್ಯಾಂಬರ್ಗರ್, ಅಂದರೆ ಬ್ರೆಡ್ಡಿನ ನಡುವೆ ಮಾಂಸವಿಟ್ಟ ತಿಂಡಿ, ತರಹೇಳುತ್ತಾನೆ. ಅದು ಸುಟ್ಟು ಕರಕಾಗಿ ಬರುತ್ತದೆ. ಅವನು ಸಿಟ್ಟಿನಿಂದ ಹಣವನ್ನೂ ಕೊಡದೆ ಹೊರಟುಹೋಗುತ್ತಾನೆ. ಅವನು ತಿಂಡಿಯನ್ನು ತಿಂದನೇ? ತಿನ್ನಲಿಲ್ಲವೆಂದು ಕಥೆಯಲ್ಲಿ ಎಲ್ಲಿಯೂ ಹೇಳಿಲ್ಲ. ಆದರೂ ನಾವು ‘ಇಲ್ಲ’ ಎನ್ನುತ್ತೇವೆ. ಹೋಟೆಲಿನಲ್ಲಿ ಯಾವುದರ ನಂತರ ಯಾವುದು ನಡೆಯುತ್ತದೆಂಬ ವಿವರವನ್ನು ಮೊದಲೇ ತುಂಬಿಟ್ಟಿದ್ದರಿಂದ ಇಂತಹ ಪ್ರಶ್ನೆಗಳಿಗೆ ಗಣಕವೂ ತಕ್ಕ ಉತ್ತರ ಕೊಡುತ್ತಿತ್ತು. ಆದುದರಿಂದ ಯಂತ್ರವು ಕಥೆಯನ್ನು ನಿಜವಾಗಿಯೇ ತಿಳಿದುಕೊಂಡಿದೆ ಎಂದು ಕೆಲವರು ವಾದಿಸಿದರು.

ಸರ್ಲ್ ಹೇಳಿದುದಿಷ್ಟು. ನನಗೆ ಇಂಗ್ಲಿಷ್ ಬರುತ್ತದೆ, ಚೀನೀ ಭಾಷೆಯ ಒಂದಕ್ಷರವೂ ಬಾರದು. ನನ್ನನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಚೀನೀ ಅಕ್ಷರಗಳ ಕಂತೆಗಳನ್ನೂ, ಇಂಗ್ಲಿಷಿನಲ್ಲಿ ಬರೆದ ಒಂದು ನಿಯಮಗಳ ಪುಸ್ತಕವನ್ನೂ ಕೊಟ್ಟಿದ್ದಾರೆ. ಇಂಥ ಆಕಾರದ ಚಿಹ್ನೆ ಒಳಗೆ ಬಂದರೆ ಇಂಥ ಆಕಾರದ ಚಿಹ್ನೆಯನ್ನು ಹೊರಗೆ ಕೊಡು ಎಂಬಷ್ಟೇ ಅದರಲ್ಲಿದೆ. ಯಾವ ಚಿಹ್ನೆಗೂ ಅರ್ಥ ಹೇಳಿಲ್ಲ. ಆ ಕಂತೆಗಳಲ್ಲಿ ಒಂದು ಹೋಟೆಲಿನ ವಿವರ, ಒಂದು ಕಥೆ, ಒಂದು ಪ್ರಶ್ನೆಗಳು. ಕೋಣೆಯಲ್ಲಿರುವವನಿಗೆ ಅದೂ ಗೊತ್ತಿಲ್ಲ. ಪುಸ್ತಕ ಎಷ್ಟು ಚೆನ್ನಾಗಿದೆಯೆಂದರೆ, ಹೊರಗಿನವರು ಒಳಗೆ ಚೀನೀಯನೇ ಕುಳಿತಿದ್ದಾನೆಂದು ನಂಬುತ್ತಾರೆ.

ಈಗ ಅದೇ ಮನುಷ್ಯನಿಗೆ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಕೊಟ್ಟರೆ? ಆ ಉತ್ತರವೂ ಸರಿಯೇ, ಈ ಉತ್ತರವೂ ಸರಿಯೇ. ಹೊರಗಿನಿಂದ ನೋಡುವವರಿಗೆ ಎರಡಕ್ಕೂ ಕೂದಲೆಳೆಯ ಭೇದವಿಲ್ಲ. ಒಳಗಿನವನಿಗೆ ಮಾತ್ರ ಭೇದ ಸ್ಪಷ್ಟ: ಇಂಗ್ಲಿಷಿನಲ್ಲಿ ಸುಟ್ಟ ತಿಂಡಿಯೂ ಸಿಟ್ಟೂ ಅವನ ಮನಸ್ಸಿಗೆ ಬಂದವು, ಚೀನಿಯಲ್ಲಿ ಬರಿಯ ಗೆರೆಗಳು. ಗಣಕವು ಪ್ರೋಗ್ರಾಮಿನಂತೆ ಮಾಡುವುದೂ ಈ ಎರಡನೆಯ ಕೆಲಸವೇ ಆದ್ದರಿಂದ, ಪ್ರೋಗ್ರಾಮು ನಡೆಸಿದ ಮಾತ್ರಕ್ಕೆ ಅರ್ಥಜ್ಞಾನ ಹುಟ್ಟುವುದಿಲ್ಲವೆಂಬುದು ಅವರ ತೀರ್ಮಾನ. ಯಂತ್ರದೊಡನೆ ಬರಹದಲ್ಲಿ ಸಂಭಾಷಿಸಿ, ಅದನ್ನು ಮನುಷ್ಯನಿಂದ ಬೇರೆಯೆಂದು ಗುರುತಿಸಬಹುದೇ ಎಂದು ನೋಡುವ ಪರೀಕ್ಷೆಯನ್ನು ಅಲನ್ ಟ್ಯೂರಿಂಗ್ 1950ರಲ್ಲಿ ಸೂಚಿಸಿದ್ದರು. ಅದನ್ನು ಗೆದ್ದರೂ ತಿಳಿವು ಇದೆಯೆನ್ನಲಾಗದೆಂಬುದು ಈ ಕೋಣೆಯ ಪೆಟ್ಟು.

ವಿರೋಧಿಗಳು ಸುಮ್ಮನಿರಲಿಲ್ಲ. ಒಳಗಿನವನಿಗೆ ತಿಳಿಯದಿದ್ದರೇನು, ಅವನು ಒಂದು ಅಂಗ ಮಾತ್ರ. ಮನುಷ್ಯ, ಪುಸ್ತಕ, ಕಾಗದ ಎಲ್ಲ ಸೇರಿದ ವ್ಯವಸ್ಥೆಗೆ ಚೀನೀ ಭಾಷೆ ತಿಳಿದಿದೆ ಎಂದರು. ಸರ್ಲ್ ಉತ್ತರ ಕೊಟ್ಟರು: ಅವನು ಪುಸ್ತಕವನ್ನೆಲ್ಲ ಬಾಯಿಪಾಠ ಮಾಡಿ, ಲೆಕ್ಕವನ್ನೆಲ್ಲ ತಲೆಯಲ್ಲೇ ನಡೆಸಿ, ಕೋಣೆ ಬಿಟ್ಟು ಬಯಲಲ್ಲಿ ನಿಲ್ಲಲಿ. ಈಗ ವ್ಯವಸ್ಥೆಯೆಲ್ಲ ಅವನೊಳಗೇ ಇದೆ, ಆದರೂ ಅವನಿಗೆ ಚೀನೀ ಬಾರದು. ಈ ಉತ್ತರ ಜಾಣತನದ್ದು ಹೌದು, ಆದರೆ ನಮಗೆ ಪೂರ್ತಿ ಸಮಾಧಾನ ತಂದಿಲ್ಲ. ಅಂತಹ ಪುಸ್ತಕ ಎಷ್ಟು ದೊಡ್ಡದಿರಬೇಕು! ಒಂದು ಪ್ರಶ್ನೆಗೆ ಕೈಯಿಂದ ಉತ್ತರ ಹುಡುಕುವುದರೊಳಗೆ ಒಂದು ಆಯುಸ್ಸು ಕಳೆದೀತು. ಅಷ್ಟು ದೊಡ್ಡದನ್ನು ನಾವು ಊಹಿಸುವುದೇ ಇಲ್ಲ. ಸಣ್ಣ ಕೋಣೆಯೊಂದನ್ನು ಊಹಿಸಿಕೊಂಡು ‘ಇಲ್ಲಿ ತಿಳಿವಿಲ್ಲ’ ಎಂದುಬಿಡುತ್ತೇವೆ.

ಇಂದು ಮಾತಿಗೆ ಮಾತು ಕೊಡುವ ಗಣಕಗಳಲ್ಲಿ ಶ್ಯಾಂಕರ ಕಾಲದಂತೆ ಹೋಟೆಲಿನ ವಿವರವನ್ನು ಯಾರೂ ಕೈಯಾರೆ ಬರೆದಿಟ್ಟಿಲ್ಲ. ಅಪಾರ ಬರಹವನ್ನು ಉಣಿಸಿ, ಮುಂದೆ ಯಾವ ಮಾತಿನ ತುಣುಕು ಬರುವುದೆಂಬುದನ್ನು ಸರಿಯಾಗಿ ಊಹಿಸುವವರೆಗೆ ಕೋಟಿಗಟ್ಟಲೆ ಸಂಖ್ಯೆಗಳನ್ನು ಮತ್ತೆ ಮತ್ತೆ ತಿದ್ದಿ ಅವನ್ನು ಸಿದ್ಧಪಡಿಸುತ್ತಾರೆ. ಸರ್ಲರ ದಾರಿಯಲ್ಲಿ ನೋಡಿದರೆ ಇದರಿಂದ ಏನೂ ಬದಲಾಗದು. ಪುಸ್ತಕ ಬರೆದ ಬಗೆ ಬೇರೆ, ಒಳಗೆ ನಡೆಯುವುದು ಚಿಹ್ನೆಗಳ ಅದಲುಬದಲೇ. ಅವುಗಳ ಉತ್ತರ ಚೆನ್ನಾಗಿದೆಯೆಂದು ಸರ್ಲರನ್ನು ಸೋಲಿಸಲಾಗದು, ಉತ್ತರ ಚೆನ್ನಾಗಿರುತ್ತದೆಂದು ಅವರು ಮೊದಲೇ ಒಪ್ಪಿದ್ದಾರೆ. ಹಾಗೆಯೇ ಗಣಕ ತಪ್ಪು ಹೇಳಿತೆಂದು ಅವರನ್ನು ಗೆಲ್ಲಿಸಲೂ ಆಗದು, ತಿಳಿದವರೂ ತಪ್ಪುತ್ತಾರೆ.

ಯಂತ್ರವು ಎಂದಿಗೂ ಯೋಚಿಸಲಾರದೆಂದು ಸರ್ಲ್ ಹೇಳಿದರೆಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ನಮ್ಮ ಮಿದುಳೂ ಒಂದು ಯಂತ್ರವೇ, ಅದು ಯೋಚಿಸುತ್ತದೆ ಎಂದೇ ಅವರು ಬರೆದರು. ಮಿದುಳಿನ ದ್ರವ್ಯಕ್ಕೆ ಇರುವ ಶಕ್ತಿ ಬೇರೊಂದು ವಸ್ತುವಿನಲ್ಲಿ ನಿಜವಾಗಿ ಉಂಟಾದರೆ ಅಲ್ಲಿಯೂ ತಿಳಿವು ಇರಬಹುದು; ಪ್ರೋಗ್ರಾಮೊಂದರಿಂದಲೇ ಅದು ಬರುವುದಿಲ್ಲ ಎಂಬಷ್ಟೇ ಅವರ ವಾದ. ಆ ಶಕ್ತಿ ಯಾವುದು, ಅದು ಮಿದುಳಿನಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ಮಾತ್ರ ಅವರೂ ವಿವರಿಸಿ ತೋರಿಸಲಿಲ್ಲ. ವಿರೋಧಿಗಳು ಅವರನ್ನು ಹಿಡಿದು ನಿಲ್ಲಿಸುವುದೂ ಇಲ್ಲಿಯೇ.