ಬರುತ್ತಿದ್ದ ಗಿರಾಕಿಯನ್ನೇ ಕರೆತಂದೆವೆಂದು ಬಿಲ್ ಕೊಡುವವರು

2017ರ ಆರಂಭದಲ್ಲಿ ಅಮೆರಿಕದ ಉಬರ್ ಕಂಪನಿಗೆ ಗ್ರಾಹಕರಿಂದ ದೂರು ಬರತೊಡಗಿತು. ಬ್ರೈಟ್‌ಬಾರ್ಟ್ ಎಂಬ ರಾಜಕೀಯ ಸುದ್ದಿತಾಣದಲ್ಲಿ ನಿಮ್ಮ ಜಾಹೀರಾತು ಕಾಣುತ್ತಿದೆಯಲ್ಲ, ಏನಿದು ಎಂದು. ಅಲ್ಲಿ ಹಾಕಬೇಡಿ ಎಂದು ಉಬರ್ ತನ್ನ ಏಜೆನ್ಸಿಗೆ ಮೊದಲೇ ಹೇಳಿತ್ತು. ಸಿಟ್ಟಿಗೆದ್ದ ಕಂಪನಿ ಆ ಏಜೆನ್ಸಿಯ ಮೂಲಕ ನಡೆಯುತ್ತಿದ್ದ ಮೊಬೈಲ್ ಜಾಹೀರಾತನ್ನು ನಿಲ್ಲಿಸಿಬಿಟ್ಟಿತು. ಜಾಹೀರಾತು ನಿಂತರೆ ಆ್ಯಪ್ ಇನ್‌ಸ್ಟಾಲ್ ಮಾಡಿಕೊಳ್ಳುವವರ ಸಂಖ್ಯೆ ಕುಸಿಯಬೇಕು. ಅದು ಕುಸಿಯಲಿಲ್ಲ. ಜಾಹೀರಾತಿನ ಲೆಕ್ಕದಲ್ಲಿ ಬರುತ್ತಿದ್ದ ಇನ್‌ಸ್ಟಾಲ್‌ಗಳು ಇಳಿದವು ನಿಜ. ಆದರೆ ಯಾವ ಜಾಹೀರಾತಿನ ಹಂಗೂ ಇಲ್ಲದೆ ತಾವಾಗಿ ಬಂದವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಏರಿತು.

ಇಷ್ಟು ದಿನ ತಾವಾಗಿಯೇ ಬರುತ್ತಿದ್ದ ಗ್ರಾಹಕರನ್ನು ಯಾರೋ ತಮ್ಮ ಖಾತೆಗೆ ಬರೆದುಕೊಂಡು ಉಬರ್‌ನಿಂದ ದುಡ್ಡು ಎಣಿಸಿಕೊಳ್ಳುತ್ತಿದ್ದರು. ಕಂಪನಿ ಆ ಸೆಪ್ಟೆಂಬರ್‌ನಲ್ಲಿ ಏಜೆನ್ಸಿಯಾದ ಫೆಚ್ ಮೀಡಿಯಾ ಮೇಲೆ ದಾವೆ ಹೂಡಿ, ಕನಿಷ್ಠ 4 ಕೋಟಿ ಡಾಲರ್ ಪರಿಹಾರ ಕೇಳಿತು. ಫೆಚ್ ಆರೋಪವನ್ನು ನಿರಾಕರಿಸಿತು. ಬಾಕಿ ಬಿಲ್ ಕೊಡಿ ಎಂದು ಉಬರ್ ವಿರುದ್ಧವೇ ಕೋರ್ಟಿಗೆ ಹೋದ ಫನ್‌ವೇರ್ ಎಂಬ ಇನ್ನೊಂದು ಕಂಪನಿ, ಉಬರ್‌ನ ಪ್ರತಿದಾವೆ ಎದುರಿಸಿ, 2020ರಲ್ಲಿ ತಾನೇ 60 ಲಕ್ಷ ಡಾಲರ್ ಕೊಡುವ ರಾಜಿಗೆ ಬಂತು. ಉಬರ್‌ನಲ್ಲಿ ಈ ವಿಭಾಗ ನೋಡಿಕೊಳ್ಳುತ್ತಿದ್ದ ಕೆವಿನ್ ಫ್ರಿಶ್, 15 ಕೋಟಿ ಡಾಲರ್ ಖರ್ಚಿನಲ್ಲಿ 10 ಕೋಟಿಯಷ್ಟನ್ನು ನಿಲ್ಲಿಸಿದರೂ ಇನ್‌ಸ್ಟಾಲ್ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು ನಂತರ ಒಂದು ಪಾಡ್‌ಕಾಸ್ಟ್‌ನಲ್ಲಿ ಹೇಳಿದರು.

ಕ್ಲಿಕ್ ವಂಚನೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕತ್ತಲೆ ಕೋಣೆಯಲ್ಲಿ ಸಾಲಾಗಿಟ್ಟ ನೂರಾರು ಫೋನುಗಳು ಅಥವಾ ಯಂತ್ರಗಳು. ಅವೂ ಇವೆ. ಅಲ್ಲಿ ಬರುವುದು ಸುಳ್ಳು ಗ್ರಾಹಕ. ಇನ್‌ಸ್ಟಾಲ್ ಆದಮೇಲೆ ಅವನು ಆ್ಯಪ್ ತೆರೆಯುವುದಿಲ್ಲ, ಏನನ್ನೂ ಕೊಳ್ಳುವುದಿಲ್ಲ, ಹಾಗಾಗಿ ಬೇಗ ಸಿಕ್ಕಿಬೀಳುತ್ತಾನೆ. ಉಬರ್‌ಗೆ ಆದದ್ದು ಇದಕ್ಕಿಂತ ಜಾಣತನದ ಕಳ್ಳತನ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮೊದಲೇ ಗೊತ್ತುಮಾಡಿಕೊಂಡ ಲಾಡ್ಜಿಗೆ ನಡೆದುಹೋಗುತ್ತಿರುವ ಯಾತ್ರಿಕನ ಜೊತೆ ನಾಲ್ಕು ಹೆಜ್ಜೆ ಹಾಕಿ, ನಾನೇ ಕರೆತಂದೆ ಎಂದು ಕಮಿಷನ್ ಕೇಳುವ ದಲ್ಲಾಳಿಯ ಕೆಲಸ ಅದು. ಗ್ರಾಹಕ ಅಸಲಿ. ಅವನು ಆ್ಯಪ್ ಬಳಸುತ್ತಾನೆ, ದುಡ್ಡೂ ಖರ್ಚು ಮಾಡುತ್ತಾನೆ. ಆದ್ದರಿಂದ ವರದಿಯಲ್ಲಿ ಕಳ್ಳನ ಸಾಧನೆಯೇ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ, ಮುಂದಿನ ತಿಂಗಳ ಬಜೆಟ್ಟೂ ಅವನ ಕಡೆಗೇ ಹರಿಯುತ್ತದೆ. ಗ್ರಾಹಕರ ಗುಣಮಟ್ಟ ನೋಡಿ ವಂಚನೆ ಪತ್ತೆ ಮಾಡುತ್ತೇವೆ ಎನ್ನುವವರು ಇಲ್ಲಿಯೇ ಎಡವುವುದು.

ಇದು ನಡೆಯುವುದು ಹೇಗೆ? ಆ್ಯಪ್ ಜಾಹೀರಾತಿನಲ್ಲಿ ಸಾಮಾನ್ಯ ನಿಯಮವೆಂದರೆ, ಇನ್‌ಸ್ಟಾಲ್‌ಗೆ ಮುಂಚೆ ಕೊನೆಯ ಕ್ಲಿಕ್ ಯಾರ ಜಾಹೀರಾತಿನ ಮೇಲೆ ಬಿದ್ದಿತ್ತೋ ಅವರಿಗೆ ದುಡ್ಡು. ಆ ಕ್ಲಿಕ್ಕಿಗೆ ಸಾಮಾನ್ಯವಾಗಿ ಏಳು ದಿನ ಆಯುಸ್ಸು. ಲೆಕ್ಕ ಇಡಲು ಆ್ಯಪ್ಸ್‌ಫ್ಲೈಯರ್, ಅಡ್ಜಸ್ಟ್, ಬ್ರಾಂಚ್‌ನಂಥ ಮೂರನೆಯ ಕಂಪನಿಗಳಿವೆ. ಈಗ ಒಂದು ಟಾರ್ಚ್ ಆ್ಯಪ್ಪೋ ವಾಲ್‌ಪೇಪರ್ ಆ್ಯಪ್ಪೋ ಲಕ್ಷಾಂತರ ಫೋನುಗಳಲ್ಲಿ ಕೂತಿದೆ ಎನ್ನಿ. ಬಳಕೆದಾರ ಯಾವ ಜಾಹೀರಾತನ್ನೂ ನೋಡಿರುವುದಿಲ್ಲ; ಆದರೂ ಆ ಆ್ಯಪ್ ಹಿನ್ನೆಲೆಯಲ್ಲಿ ಅವನ ಹೆಸರಿನಲ್ಲಿ ಕ್ಲಿಕ್ ಕಳಿಸುತ್ತಲೇ ಇರುತ್ತದೆ. ಅವರಲ್ಲಿ ಯಾರಾದರೂ ಏಳು ದಿನದೊಳಗೆ ತಮ್ಮ ಪಾಡಿಗೆ ತಾವು ನಿಮ್ಮ ಆ್ಯಪ್ ಹಾಕಿಕೊಂಡರೆ ಕಮಿಷನ್ ಇವರಿಗೆ. ಈ ಕಸುಬಿನವರು ಇದಕ್ಕೆ ಕ್ಲಿಕ್ ಫ್ಲಡಿಂಗ್ ಎನ್ನುತ್ತಾರೆ. ಹೆಸರು ಮಾಡಿದ ಆ್ಯಪ್‌ಗಳೇ ಇದಕ್ಕೆ ಹೆಚ್ಚು ಬಲಿ, ಏಕೆಂದರೆ ತಾವಾಗಿ ಬರುವವರು ಅವಕ್ಕೇ ಹೆಚ್ಚು.

ಇನ್ನೊಂದು ವಿಧಾನದಲ್ಲಿ ಕಾದು ಕೂತು ಹೊಡೆಯುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಹೊಸ ಆ್ಯಪ್ ಬಂದಾಗ ಆ ಸುದ್ದಿ ಉಳಿದ ಆ್ಯಪ್‌ಗಳಿಗೂ ಮುಟ್ಟುವ ವ್ಯವಸ್ಥೆಯೊಂದಿದೆ. ಅದನ್ನು ಹಿಡಿದು, ಇನ್‌ಸ್ಟಾಲ್ ನಡೆಯುತ್ತಿರುವಾಗಲೇ ಒಂದು ಕ್ಲಿಕ್ ತೂರಿಸಿಬಿಡುವುದು ಕ್ಲಿಕ್ ಇಂಜೆಕ್ಷನ್. ಕೊನೆಯ ಕ್ಲಿಕ್ ಅದೇ ಆಗುವುದರಿಂದ ಪ್ರಾಮಾಣಿಕವಾಗಿ ಜಾಹೀರಾತು ತೋರಿಸಿದ ಜಾಲಕ್ಕೂ ನಷ್ಟ. 2019ರಲ್ಲಿ ಫೇಸ್‌ಬುಕ್ ಇದೇ ಆರೋಪದ ಮೇಲೆ ಲಯನ್‌ಮೊಬಿ ಮತ್ತು ಜೇಡಿಮೊಬಿ ಎಂಬ ಎರಡು ಆ್ಯಪ್ ಕಂಪನಿಗಳ ವಿರುದ್ಧ ಕೋರ್ಟಿಗೆ ಹೋಯಿತು. ತೊಂದರೆಗೊಳಗಾದ ಜಾಹೀರಾತುದಾರರಿಗೆ ಆ ಮಾರ್ಚ್‌ನಲ್ಲೇ ಹಣ ವಾಪಸ್ ಮಾಡಿದ್ದಾಗಿಯೂ ಹೇಳಿತು.

ಎರಡೂ ಕಳ್ಳತನಗಳು ಸಿಕ್ಕಿಬೀಳುವುದು ಗಡಿಯಾರದ ಮುಂದೆ. ಕ್ಲಿಕ್ಕಿಗೂ ಇನ್‌ಸ್ಟಾಲ್‌ಗೂ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದನ್ನು ನೋಡಬೇಕು. ನಿಜವಾಗಿ ಜಾಹೀರಾತು ನೋಡಿ ಒತ್ತಿದವನು ಪ್ಲೇ ಸ್ಟೋರ್‌ಗೆ ಹೋಗಿ ಅಲ್ಲೇ ಇನ್‌ಸ್ಟಾಲ್ ಮಾಡುತ್ತಾನೆ, ಇಲ್ಲವೇ ಮರೆತುಬಿಡುತ್ತಾನೆ. ಹಾಗಾಗಿ ಹೆಚ್ಚಿನ ಇನ್‌ಸ್ಟಾಲ್‌ಗಳು ಮೊದಲ ಗಂಟೆಯೊಳಗೇ ಬೀಳಬೇಕು. ಫ್ಲಡಿಂಗ್‌ನಲ್ಲಿ ಕ್ಲಿಕ್ಕಿಗೂ ಇನ್‌ಸ್ಟಾಲ್‌ಗೂ ಸಂಬಂಧವೇ ಇಲ್ಲದ್ದರಿಂದ ಇನ್‌ಸ್ಟಾಲ್‌ಗಳು ಏಳೂ ದಿನ ಸಮನಾಗಿ ಹರಡಿಕೊಂಡಿರುತ್ತವೆ. ಇಂಜೆಕ್ಷನ್‌ನಲ್ಲಿ ಇದರ ತದ್ವಿರುದ್ಧ, ಕ್ಲಿಕ್ ಆಗಿ ಕೆಲವೇ ಸೆಕೆಂಡಿಗೆ ಇನ್‌ಸ್ಟಾಲ್. 2017ರ ಕೊನೆಯಿಂದ ಗೂಗಲ್ ಪ್ಲೇ ಈ ಎರಡು ಸಮಯಗಳನ್ನು ತಾನೇ ಕೊಡುತ್ತಿದೆ:

```
referrer_click_timestamp_seconds
install_begin_timestamp_seconds
```

ಮೊದಲನೆಯದು ಕ್ಲಿಕ್ಕಿನ ಸಮಯ, ಎರಡನೆಯದು ಇನ್‌ಸ್ಟಾಲ್ ಶುರುವಾದ ಸಮಯ. ಜಾಲವೊಂದು ತನ್ನದೆಂದು ಹೇಳಿಕೊಳ್ಳುವ ಕ್ಲಿಕ್ ಈ ಎರಡನೆಯ ಸಮಯದ ನಂತರ ಬಂದಿದ್ದರೆ ವಾದಕ್ಕೆ ಅವಕಾಶವೇ ಇಲ್ಲ. ಆ್ಯಪ್ ಇಳಿಯತೊಡಗಿದ ಮೇಲೆ ಅದರ ಜಾಹೀರಾತು ಒತ್ತಿದವನು ಗ್ರಾಹಕನಲ್ಲ.

ಫ್ಲಡಿಂಗ್‌ಗೆ ಇಷ್ಟು ನೇರವಾದ ಸಾಕ್ಷಿ ಸಿಗುವುದಿಲ್ಲ, ಅಲ್ಲಿ ಲೆಕ್ಕ ಹಾಕಿಯೇ ತೋರಿಸಬೇಕು. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನ ಒಂದು ದಿನಸಿ ಆ್ಯಪ್ ಎರಡು ಜಾಲಗಳಿಗೆ ಜಾಹೀರಾತು ಕೊಟ್ಟಿದೆ, ಇನ್‌ಸ್ಟಾಲ್ ಒಂದಕ್ಕೆ 60 ರೂಪಾಯಿ. ಮೊದಲ ಜಾಲ ತಿಂಗಳಲ್ಲಿ 50,000 ಕ್ಲಿಕ್, 1,500 ಇನ್‌ಸ್ಟಾಲ್ ತೋರಿಸಿತು. ನೂರು ಕ್ಲಿಕ್ಕಿಗೆ ಮೂರು. ಎರಡನೆಯದು 40 ಲಕ್ಷ ಕ್ಲಿಕ್, 2,000 ಇನ್‌ಸ್ಟಾಲ್. ಎರಡು ಸಾವಿರ ಕ್ಲಿಕ್ಕಿಗೆ ಒಂದು. ಇನ್‌ಸ್ಟಾಲ್ ಮಾತ್ರ ನೋಡುವ ಮಾಲೀಕನಿಗೆ ಎರಡನೆಯದೇ ಶೂರ. ಆದರೆ ಊರಿನ ಜನಸಂಖ್ಯೆಗಿಂತ ಎಷ್ಟೋ ಹೆಚ್ಚು ಕ್ಲಿಕ್ ಬಂದಿದೆ ಎಂಬುದೇ ಮೊದಲ ಅನುಮಾನ ಹುಟ್ಟಿಸಬೇಕು. ಸಮಯ ತೆಗೆದು ನೋಡಿದರೆ, ಮೊದಲ ಜಾಲದ 1,500ರಲ್ಲಿ 1,150 ಮೊದಲ ಗಂಟೆಯೊಳಗೆ ಬಂದಿವೆ. ಎರಡನೆಯದರ 2,000ದಲ್ಲಿ 220 ಮಾತ್ರ. ಈ ಜಾಲ ಶುರುವಾದ ತಿಂಗಳೇ, ತಾವಾಗಿ ಬರುವವರ ಸಂಖ್ಯೆ 5,000ದಿಂದ 3,200ಕ್ಕೆ ಇಳಿದಿದೆ.

ಎಷ್ಟು ಹಣ ವಾಪಸ್ ಕೇಳಬೇಕು? ಪೂರ್ತಿ ಬಿಲ್ಲನ್ನೇ ನಿರಾಕರಿಸಿದರೆ ಮಾತುಕತೆ ಮುರಿಯುತ್ತದೆ. ಮೊದಲ ಜಾಲದ ಅನುಪಾತವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಅಲ್ಲಿ ಒಟ್ಟು ಇನ್‌ಸ್ಟಾಲ್‌ನಲ್ಲಿ ಸುಮಾರು ಶೇ 77 ಮೊದಲ ಗಂಟೆಯಲ್ಲಿವೆ. ಎರಡನೆಯದರ 220 ಇನ್‌ಸ್ಟಾಲ್‌ಗಳೂ ಅಸಲಿ ಎಂದೇ ಒಪ್ಪಿಕೊಂಡರೂ, ಆ ಅನುಪಾತದಲ್ಲಿ ಅದಕ್ಕೆ ಸಲ್ಲುವುದು ಒಟ್ಟು 287. ಉಳಿದ 1,713 ಇನ್‌ಸ್ಟಾಲ್‌ಗಳಿಗೆ 60 ರೂಪಾಯಿಯಂತೆ 1,02,780 ರೂಪಾಯಿ ತಕರಾರಿನ ಮೊತ್ತ. ತಾವಾಗಿ ಬರುವವರಲ್ಲಿ ಕಡಿಮೆಯಾದ 1,800ಕ್ಕೂ ಈ 1,713ಕ್ಕೂ ಇರುವ ಸಾಮೀಪ್ಯವೇ ನಿಮ್ಮ ಪರ ಎರಡನೆಯ ಸಾಕ್ಷಿ. ಮೂರನೆಯದು ಬೇಕಾದರೆ ಉಬರ್ ಮಾಡಿದ್ದನ್ನೇ ಮಾಡಬಹುದು: ಆ ಜಾಲವನ್ನು ಎರಡು ವಾರ ನಿಲ್ಲಿಸಿ ಒಟ್ಟು ಇನ್‌ಸ್ಟಾಲ್ ಅಲುಗಾಡುತ್ತದೋ ನೋಡುವುದು. ಹಬ್ಬದ ವಾರ ಮಾತ್ರ ಬೇಡ, ಲೆಕ್ಕ ಕೆಡುತ್ತದೆ.

ಇಷ್ಟಾದರೂ ಹಣ ಕೈಗೆ ಬರುವುದು ಒಪ್ಪಂದದಲ್ಲಿ ಏನು ಬರೆದಿದೆ ಎಂಬುದರ ಮೇಲೆ. ಯಾರ ಎಣಿಕೆ ಅಂತಿಮ, ಕ್ಲಿಕ್ಕಿಗೆ ಎಷ್ಟು ದಿನ ಆಯುಸ್ಸು, ಯಾವುದನ್ನು ವಂಚನೆ ಎನ್ನಬೇಕು, ತಿಂಗಳು ಮುಗಿದ ಎಷ್ಟು ದಿನದೊಳಗೆ ತಕರಾರು ಎತ್ತಬಹುದು ಎಂಬ ನಾಲ್ಕು ಸಾಲು ಅಲ್ಲಿ ಇಲ್ಲದಿದ್ದರೆ ಜಾಲದವರ ಉದಾರತೆಯನ್ನು ನಂಬಿಕೊಂಡಿರಬೇಕು. ತಕರಾರಿನ ಜೊತೆ ಒಂದೊಂದು ಇನ್‌ಸ್ಟಾಲ್‌ನ ಕ್ಲಿಕ್ ಸಮಯ, ಇನ್‌ಸ್ಟಾಲ್ ಸಮಯ, ಸಾಧನದ ಗುರುತು, ಯಾವ ಉಪಪ್ರಕಾಶಕನಿಂದ ಬಂತು ಎಂಬ ಸಂಖ್ಯೆ ಇರುವ ಕಚ್ಚಾ ಕಡತವನ್ನೂ ಕೊಡಬೇಕು. ಜಾಲದವರು ಸಾಮಾನ್ಯವಾಗಿ ನಾಲ್ಕಾರು ಉಪಪ್ರಕಾಶಕರನ್ನು ದೂರಿ, ಅವರ ಮಟ್ಟಿಗೆ ಕಡಿತ ಒಪ್ಪುತ್ತಾರೆ. ನಮ್ಮ ದೇಶದಲ್ಲಾದರೆ ಬಿಲ್ ಆದಮೇಲಿನ ಕಡಿತಕ್ಕೆ ಜಿಎಸ್‌ಟಿ ಕ್ರೆಡಿಟ್ ನೋಟ್ ಕೇಳಿ ಪಡೆಯಬೇಕು. ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರ ಆಚೆಗೆ ಅದರ ತೆರಿಗೆ ಹೊಂದಾಣಿಕೆ ಆಗುವುದಿಲ್ಲ.

ಗೂಗಲ್ ಆ್ಯಡ್ಸ್‌ನಲ್ಲಿ ಡಿಸ್‌ಪ್ಲೇ ಜಾಹೀರಾತು ಹಾಕುವ ಸಣ್ಣ ವ್ಯಾಪಾರಿಯ ದಾರಿ ಬೇರೆ. ಅಲ್ಲಿ Invalid clicks ಎಂಬ ಕಾಲಮ್ಮಿನಲ್ಲಿ ಕಾಣುವ ಕ್ಲಿಕ್ಕುಗಳಿಗೆ ಗೂಗಲ್ ದುಡ್ಡು ಹಿಡಿದಿರುವುದಿಲ್ಲ. ನಂತರ ಪತ್ತೆಯಾದವು ಬಿಲ್ಲಿಂಗ್ ವಿಭಾಗದಲ್ಲಿ Invalid activity ಎಂಬ ಹೆಸರಿನಲ್ಲಿ ಖಾತೆಗೆ ಜಮೆಯಾಗುತ್ತವೆ. ಅದೂ ಸಾಲದೆನಿಸಿದರೆ ಕ್ಲಿಕ್ ಕ್ವಾಲಿಟಿ ಅರ್ಜಿ ತುಂಬಿ ತನಿಖೆ ಕೇಳಬಹುದು. 60 ದಿನಕ್ಕಿಂತ ಹಳೆಯ ಕ್ಲಿಕ್ಕುಗಳನ್ನು ಮಾತ್ರ ಅವರು ಮುಟ್ಟುವುದಿಲ್ಲ. ಅರ್ಜಿಗೆ ಬಲ ಬರುವುದು ಕ್ಯಾಂಪೇನ್ ಹೆಸರು, ದಿನಾಂಕ ಮತ್ತು ನಿಮ್ಮ ವೆಬ್‌ಸೈಟಿನ ಸರ್ವರ್ ಲಾಗ್‌ನಲ್ಲಿ gclid ಸಮೇತ ದಾಖಲಾದ ಕ್ಲಿಕ್ಕುಗಳಿಂದ.

ಒಂದೇ ಐಪಿ ವಿಳಾಸದಿಂದ ನೂರು ಕ್ಲಿಕ್ ಬಂದಿದೆ ಎಂಬುದನ್ನೇ ಸಾಕ್ಷಿ ಎಂದು ಹಿಡಿದುಕೊಳ್ಳುವವರು ಬಹಳ. ಭಾರತದಲ್ಲಿ ಈ ವಾದ ದುರ್ಬಲ. ಮೊಬೈಲ್ ಕಂಪನಿಗಳು ಒಂದೇ ಐಪಿಯ ಹಿಂದೆ ಅಸಂಖ್ಯ ಗ್ರಾಹಕರನ್ನು ಕೂರಿಸಿರುತ್ತವೆ. ಅದನ್ನು ತಡೆದರೆ ಒಂದು ಬಡಾವಣೆಯ ಜನವನ್ನೇ ಹೊರಗಿಟ್ಟ ಹಾಗಾದೀತು. ಅದಕ್ಕಿಂತ, ಜಾಹೀರಾತು ಯಾವ ಆ್ಯಪ್, ಯಾವ ತಾಣಗಳಲ್ಲಿ ಕಾಣಿಸಿತು ಎಂಬ ವರದಿ ತೆರೆದು ನೋಡಿ. ಮಕ್ಕಳ ಆಟದ ಆ್ಯಪ್‌ನಲ್ಲಿ ನೂರು ಬಾರಿ ತೋರಿಸಿದ ಜಾಹೀರಾತಿಗೆ ಹದಿನೈದು ಕ್ಲಿಕ್ ಬಿದ್ದು, ಬಂದವರಲ್ಲಿ ಒಬ್ಬರೂ ನಿಮ್ಮ ಪುಟದಲ್ಲಿ ಎರಡು ಸೆಕೆಂಡ್ ನಿಂತಿಲ್ಲವೆಂದರೆ ಅದು ಆಟ ಆಡುವ ಬೆರಳು ತಪ್ಪಿ ತಾಗಿದ್ದು. ಇಂಥದ್ದಕ್ಕೆಲ್ಲ ಹಣ ವಾಪಸ್ ಸಿಗುತ್ತದೆಂಬ ಭರವಸೆ ಬೇಡ. ಕೆಲಸಕ್ಕೆ ಬಾರದ ಕ್ಲಿಕ್ ಎಲ್ಲವೂ ಗೂಗಲ್ ಲೆಕ್ಕದಲ್ಲಿ ಅಮಾನ್ಯವಲ್ಲ. ಆ ಆ್ಯಪ್‌ಗಳನ್ನು ಹೊರಗಿಡುವ ಪಟ್ಟಿಗೆ ಸೇರಿಸುವುದೇ ಅಲ್ಲಿ ಉಳಿತಾಯ.

ಕಟ್ಟಿದ ದುಡ್ಡನ್ನು ವಾಪಸ್ ಪಡೆಯುವುದಕ್ಕಿಂತ ಕಟ್ಟದ ಬಿಲ್ಲನ್ನು ಕಡಿಮೆ ಮಾಡಿಸುವುದು ಸುಲಭ. ನಿಮ್ಮ ಆ್ಯಪ್‌ಗೆ ಜಾಹೀರಾತು ತರುವ ಜಾಲದ ಈ ತಿಂಗಳ ಬಿಲ್ ಬಂದಾಗ ಉಪಪ್ರಕಾಶಕರ ಪಟ್ಟಿಯನ್ನೂ ಕ್ಲಿಕ್ಕಿನ ಸಮಯದ ಕಡತವನ್ನೂ ಕೇಳಿ. ಅವು ಬರುವವರೆಗೆ ಹಣ ಕಳಿಸಬೇಡಿ.