‘ಬರೋ ವಾರ ಕಳಿಸ್ತೀವ್ರಿ’: ಎರಕದ ಮಾಲಿಗೆ ಗಟ್ಟಿ ತಾರೀಖು ಪಡೆಯುವುದು ಹೇಗೆ?

ಬೆಂಗಳೂರಿನ ಪೀಣ್ಯದಲ್ಲಿ ಪಂಪ್ ಬಾಡಿ ತಯಾರಿಸುವ ಒಂದು ಸಣ್ಣ ಮಷಿನ್ ಶಾಪ್ ಇದೆ ಎಂದುಕೊಳ್ಳಿ. ಅದಕ್ಕೆ ಬೇಕಾದ ಎರಕದ ಮಾಲು, ಅಂದರೆ ಕಾಸ್ಟಿಂಗ್, ಬೆಳಗಾವಿಯ ಒಂದು ಫೌಂಡ್ರಿಯಿಂದ ಬರುತ್ತದೆ. ತಿಂಗಳಿಗೆ 200 ಬಾಡಿ, ಒಂದೊಂದೂ 18 ಕೆಜಿ. ಆರ್ಡರ್ ಕೊಟ್ಟ 21 ದಿನಕ್ಕೆ ಮಾಲು ಕೊಡಬೇಕು ಎಂಬುದು ಒಪ್ಪಂದ. ಆದರೆ ಇಪ್ಪತ್ತನೆಯ ದಿನ ಫೋನ್ ಮಾಡಿದರೆ ಬರುವ ಉತ್ತರ: “ಮಾಲ್ ರೆಡಿ ಐತ್ರಿ ಸರ, ಫೆಟ್ಲಿಂಗ್ ಅಷ್ಟ ಬಾಕಿ. ಬರೋ ವಾರ ಕಳಿಸ್ತೀವ್ರಿ.” ಬರೋ ವಾರವೂ ಅದೇ ಉತ್ತರ. ಇತ್ತ ಲೇಥ್‌ಗಳು ಖಾಲಿ ನಿಂತಿರುತ್ತವೆ, ಆಪರೇಟರ್‌ಗಳ ಸಂಬಳ ಮಾತ್ರ ನಿಲ್ಲುವುದಿಲ್ಲ.

ಇಂಥ ಹೊತ್ತಿನಲ್ಲಿ ಫೋನಿನಲ್ಲಿ ರೇಗಾಡಿದರೆ ಸಿಗುವುದು ಇನ್ನೊಂದು ಸುಳ್ಳು ತಾರೀಖು ಅಷ್ಟೆ. ಮೊದಲು ಕೂತು ಹಳೆಯ ಬಿಲ್ಲುಗಳನ್ನು ತೆಗೆಯಬೇಕು. ಕಳೆದ ಆರು ಆರ್ಡರ್‌ಗಳು 24, 33, 29, 40, 26, 34 ದಿನಗಳಿಗೆ ಬಂದಿವೆ ಎನ್ನೋಣ. ಸರಾಸರಿ 31 ದಿನ. ಒಂದು ಸಲವೂ 21ಕ್ಕೆ ಬಂದಿಲ್ಲ. ಅಂದರೆ ಆ 21 ಎಂಬುದು ಫೌಂಡ್ರಿಯೊಳಗಿನ ಯಾವ ಕೆಲಸಕ್ಕೂ ಸಂಬಂಧವಿಲ್ಲದ, ಆರ್ಡರ್ ಹಿಡಿಯಲು ಹೇಳಿದ ಅಂಕಿ. ಸರಾಸರಿಗಿಂತ ಹೆಚ್ಚು ಕಾಡುವುದು 24ರಿಂದ 40ರವರೆಗಿನ ಏರುಪೇರು. ಪ್ರತಿ ಸಲವೂ ಸರಿಯಾಗಿ 31 ದಿನಕ್ಕೇ ಬರುವುದಾದರೆ ಹತ್ತು ದಿನ ಮುಂಚೆ ಆರ್ಡರ್ ಕೊಟ್ಟರಾಯಿತು. ಯಾವಾಗ ಬರುತ್ತದೋ ಗೊತ್ತಿಲ್ಲದ ಮಾಲಿಗೆ ಯಾವ ಲೆಕ್ಕವೂ ಹೊಂದುವುದಿಲ್ಲ. ಆದ್ದರಿಂದ ಮಾತುಕತೆಯಲ್ಲಿ ಕೇಳಬೇಕಾದದ್ದು ಬೇಗ ಬರುವ ಮಾಲನ್ನಲ್ಲ, ಹೇಳಿದ ದಿನ ಬರುವ ಮಾಲನ್ನು.

ಮುಂದಿನ ಹೆಜ್ಜೆ, ಒಮ್ಮೆ ಬೆಳಗಾವಿಗೆ ಹೋಗಿ ಫೌಂಡ್ರಿಯೊಳಗೆ ಅರ್ಧ ದಿನ ನಿಲ್ಲುವುದು. ಮಾಲು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಆಫೀಸಿನಲ್ಲಿ ಚಹಾ ಕುಡಿಯುತ್ತಾ ಕೂತರೆ ಕಾಣುವುದಿಲ್ಲ. ಪ್ಯಾಟರ್ನ್ ಇಟ್ಟು ಮರಳಿನ ಅಚ್ಚು ಕಟ್ಟಬೇಕು, ಒಳಗಿನ ಟೊಳ್ಳಿಗೆ ಕೋರ್ ಮಾಡಿ ಕೂರಿಸಬೇಕು, ಕಬ್ಬಿಣ ಕರಗಿಸಿ ಹೊಯ್ಯಬೇಕು. ತಣಿದ ಮೇಲೆ ಮರಳು ಒಡೆದು, ಶಾಟ್ ಬ್ಲಾಸ್ಟ್ ಮಾಡಿ, ಅಂಚುಗಳನ್ನು ಗ್ರೈಂಡ್ ಮಾಡಿ ತೆಗೆಯಬೇಕು. ಆ ಕೊನೆಯ ಕೆಲಸವೇ ಫೆಟ್ಲಿಂಗ್. ತಡವಾಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಕುಲುಮೆಯ ಮುಂದೆ: ನಿಮ್ಮ ಗ್ರೇಡ್ ಎಫ್‌ಜಿ 260 ಆಗಿದ್ದರೆ, ಅದೇ ಗ್ರೇಡಿನ ಬೇರೆಯವರ ಆರ್ಡರ್‌ಗಳೂ ಕೂಡಿ ಹೀಟ್ ತುಂಬುವವರೆಗೆ ನಿಮ್ಮ ಸರದಿ ಬರುವುದಿಲ್ಲ. ಇನ್ನೊಂದು, ಫೆಟ್ಲಿಂಗ್ ಶೆಡ್ಡಿನಲ್ಲಿ: ಧೂಳು, ಸದ್ದಿನ ಆ ಕೆಲಸಕ್ಕೆ ಜನ ನಿಲ್ಲುವುದೇ ಕಷ್ಟ, ಹಾಗಾಗಿ ಹೊಯ್ದ ಮಾಲು ಅಲ್ಲಿ ರಾಶಿ ಬೀಳುತ್ತದೆ. ಆ ರಾಶಿಯಲ್ಲಿ ನಿಮ್ಮ ಬಾಡಿಗಳ ಮೇಲೆ ತುಕ್ಕು ಹಿಡಿದಿದ್ದರೆ ನಿಮ್ಮ ಸಮಸ್ಯೆ ಕುಲುಮೆಯದ್ದಲ್ಲ ಎಂದು ಕಣ್ಣಿಗೇ ತಿಳಿಯುತ್ತದೆ.

ಇಷ್ಟು ನೋಡಿದ ಮೇಲೆ ನಮ್ಮ ಬೇಡಿಕೆಯನ್ನೂ ತಿರುಗಿ ನೋಡಬೇಕು. ಶಾಪಿನಲ್ಲಿ ದಿನಕ್ಕೆ 8 ಬಾಡಿ ಮಷಿನ್ ಆಗುತ್ತವೆ ಎಂದರೆ ವಾರಕ್ಕೆ ಬೇಕಾದದ್ದು ಸುಮಾರು 50. ಹಾಗಿರುವಾಗ 200 ಒಟ್ಟಿಗೆ ಒಂದೇ ದಿನ ಬರಬೇಕೆಂದು ಹಟ ಹಿಡಿಯುವುದು ಏಕೆ? 200 ಬಾಡಿಗಳ ಆರ್ಡರ್ ಸಣ್ಣ ಫೌಂಡ್ರಿಗೆ ದೊಡ್ಡ ತುತ್ತು. ಒಮ್ಮೆಲೇ ಮಾಡಲು ಹೊರಟರೆ ಬೇರೆ ಗಿರಾಕಿಗಳನ್ನು ನಿಲ್ಲಿಸಬೇಕು, ಅದಕ್ಕೇ ಮುಂದೂಡುತ್ತಾರೆ. ವಾರಕ್ಕೆ 50 ಎಂದರೆ 900 ಕೆಜಿ ಒಳ್ಳೆಯ ಮಾಲು. ರನ್ನರ್, ರೈಸರ್ ಸೇರಿ ಕರಗಿಸಬೇಕಾದ ಕಬ್ಬಿಣ ಸುಮಾರು 1.3 ಟನ್. ಅರ್ಧ ಟನ್ನಿನ ಇಂಡಕ್ಷನ್ ಕುಲುಮೆಯಲ್ಲಿ ಮೂರು ಹೀಟ್. ಇದನ್ನು ಪ್ರತಿ ವಾರದ ಕೆಲಸದ ನಡುವೆ ತೂರಿಸಿಕೊಳ್ಳಬಹುದು. ಲಾರಿ ಬಾಡಿಗೆ ಕೊಂಚ ಹೆಚ್ಚು ಬೀಳುತ್ತದೆ. ಅದನ್ನು ನಾವೇ ಹೊತ್ತರೂ ನಷ್ಟವಿಲ್ಲ ಎಂದು ನನ್ನ ಅನಿಸಿಕೆ. ಏಕೆಂದರೆ ಹತ್ತು ದಿನ ತಡವಾದರೆ 80 ಬಾಡಿಯ ಕೆಲಸ ನಿಲ್ಲುತ್ತದೆ.

ಈಗ ಮಾತಿಗೆ ಕೂರಬಹುದು. ಫೌಂಡ್ರಿ ಮಾಲೀಕರಿಗೆ ಹೀಗೆ ಹೇಳಿ ನೋಡಿ: “ಸಾಹುಕಾರ್ರೇ, 21 ದಿನದ ಮಾತು ಬಿಡೋಣ. ಪ್ರತಿ ಶನಿವಾರ ನನ್ನ ಗೇಟಿಗೆ 50 ಒಳ್ಳೆ ಬಾಡಿ ಬರಬೇಕು. ಅದಕ್ಕೆ ನೀವು ಯಾವ ವಾರ ಹೊಯ್ತೀರಿ?” ಅವರು ಯೋಚಿಸಿ, “ಸೋಮವಾರ, ಮಂಗಳವಾರ ಹೊಯ್ದ್ರ ಗುರುವಾರ ಫೆಟ್ಲಿಂಗ್ ಮುಗಿಸಬಹುದ್ರಿ, ಶುಕ್ರವಾರ ಸಂಜಿಗೆ ಗಾಡಿ ಹತ್ತಸ್ತೀವಿ” ಅನ್ನಬಹುದು. ಆ ಮಾತಿನಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಅಂಟಿಕೊಂಡ ತಾರೀಖುಗಳು ಬಂದಿವೆ. ಆದರೆ ಅಲ್ಲಿಗೇ ಅವರ ಬೇಡಿಕೆಯೂ ಹೊರಬರುತ್ತದೆ: “ನಮ್ಮ ಬಿಲ್ ನೀವು ಎಪ್ಪತ್ತು ದಿನಕ್ಕ ಕೊಟ್ರ, ಸ್ಕ್ರ್ಯಾಪ್, ಪಿಗ್ ಐರನ್ ನಾವ ಎಲ್ಲಿಂದ ತರೂದ್ರಿ?” ಈ ಮಾತಿಗೆ ಕಿವಿಗೊಡಲೇಬೇಕು. ದುಡ್ಡು ಬೇಗ ಕೊಡುವ ಗಿರಾಕಿಯ ಅಚ್ಚು ಮೊದಲು ಏರುತ್ತದೆ ಎಂಬುದು ಎಲ್ಲ ಫೌಂಡ್ರಿಗಳಲ್ಲೂ ನಡೆಯುವ ವಿಷಯ. ಸಣ್ಣ ಉದ್ಯಮವಾಗಿ ನೋಂದಾಯಿತ ಪೂರೈಕೆದಾರನಿಗೆ, ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆಯೇ ಹೇಳುತ್ತದೆ.

ಆದ್ದರಿಂದ ದಂಡದ ಷರತ್ತಿಗಿಂತ ಪಾವತಿಯ ಷರತ್ತು ಹೆಚ್ಚು ಕೆಲಸ ಮಾಡುತ್ತದೆ. ವಾರಕ್ಕೆ ಶೇಕಡಾ ಅರ್ಧ ದಂಡ ಎಂದು ಬರೆದರೆ ಫೌಂಡ್ರಿಯವರು ಅದನ್ನು ಮೊದಲೇ ರೇಟಿಗೆ ಸೇರಿಸುತ್ತಾರೆ. ಕೆಜಿಗೆ 100 ರೂಪಾಯಿ ಹಿಡಿದರೆ ವಾರದ ಬಿಲ್ಲು 90,000. ಅದರ ಅರ್ಧ ಪರ್ಸೆಂಟ್ 450 ರೂಪಾಯಿಗೆ ಯಾರೂ ಹೆದರುವುದಿಲ್ಲ. ಬದಲಿಗೆ, ಶನಿವಾರ ಬಂದ ಲಾಟಿಗೆ 15 ದಿನದಲ್ಲಿ ಹಣ, ತಪ್ಪಿದ ಲಾಟಿಗೆ 40 ದಿನಕ್ಕೆ ಎಂದು ಬರೆಯಿರಿ.

ಆರ್ಡರ್ ಕಾಗದದಲ್ಲಿ ಇನ್ನೆರಡು ಮಾತು ಇರಲಿ. ತಾರೀಖು ಎಂದರೆ ಲಾರಿ ಹೊರಟ ದಿನವಲ್ಲ, ತಪಾಸಣೆಯಲ್ಲಿ ಪಾಸಾಗುವ 50 ಬಾಡಿ ನಿಮ್ಮ ಗೇಟಿಗೆ ಬಂದ ದಿನ. ಬ್ಲೋಹೋಲ್ ಬಂದು ಕೆಲವು ಹಾಳಾಗುವುದು ಇದ್ದದ್ದೇ, ಹಾಗಾಗಿ ಅವರು 55 ಹೊಯ್ಯಲಿ. ಎರಡನೆಯದು, ಮಂಗಳವಾರ ಸಂಜೆ ಎಷ್ಟು ಹೊಯ್ದಿದ್ದಾರೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಅಂಕಿ ಕಳಿಸಬೇಕು. 55ರ ಬದಲು 30 ಬಂದರೆ ಶನಿವಾರದ ಕೊರತೆ ನಾಲ್ಕು ದಿನ ಮೊದಲೇ ಗೊತ್ತಾಗುತ್ತದೆ, ಮಷಿನ್‌ಗಳಿಗೆ ಬೇರೆ ಕೆಲಸ ಹಚ್ಚಬಹುದು. ನೀವೂ ಮಾತು ಕೊಡಬೇಕು: ನಾಲ್ಕು ವಾರದ ಆರ್ಡರ್ ಮೊದಲೇ ಖಾತ್ರಿ, ನಡುವೆ ಡ್ರಾಯಿಂಗ್ ಬದಲಿಲ್ಲ, ‘ಅರ್ಜೆಂಟ್ ಇದನ್ನು ಮೊದಲು ಹಾಕಿ’ ಎನ್ನುವುದಿಲ್ಲ.

ಇಷ್ಟಾಗಿಯೂ ತಡವಾದರೆ ಸುಮ್ಮನೆ ಮಾಲು ಇಳಿಸಿಕೊಳ್ಳಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಸಮಯವೇ ಮುಖ್ಯವಾದ ಕರಾರಿನಲ್ಲಿ ತಡವಾದ ಮಾಲನ್ನು ಸ್ವೀಕರಿಸುವಾಗಲೇ ನಷ್ಟ ಕೇಳುತ್ತೇವೆಂದು ತಿಳಿಸದಿದ್ದರೆ, ಆಮೇಲೆ ಆ ತಡಕ್ಕೆ ಪರಿಹಾರ ಕೇಳಲಾಗುವುದಿಲ್ಲ. ಆದ್ದರಿಂದ ಆರ್ಡರಿನಲ್ಲೇ ‘ಸಮಯ ಈ ಕರಾರಿನ ಮುಖ್ಯ ಅಂಶ’ ಎಂದು ಬರೆಸಿ. ತಡವಾಗಿ ಬಂದ ದಿನ ಚಲನ್ ಮೇಲೆ ಒಂದು ಸಾಲು, ಜತೆಗೆ ಒಂದು ಇ–ಮೇಲ್ ಸಾಕು. ಕೋರ್ಟಿಗೆ ಹೋಗುವ ಉದ್ದೇಶವಿಲ್ಲದಿದ್ದರೂ ಮುಂದಿನ ಮಾತುಕತೆಗೆ ಅದೇ ದಾಖಲೆ.

ದೀಪಾವಳಿಯ ಹೊತ್ತಿಗೆ ಮಾತ್ರ ಯಾವ ಕರಾರೂ ಕುಲುಮೆ ಉರಿಸುವುದಿಲ್ಲ. ಊರಿಗೆ ಹೋದ ಮೋಲ್ಡಿಂಗ್ ಕೆಲಸಗಾರರು ಮರಳುವುದು ತಡವಾದರೆ ಮಾಲಿಲ್ಲ. ಅದಕ್ಕೆ ಒಂದು ತಿಂಗಳು ಮೊದಲೇ ಎರಡು ವಾರದ ಹೆಚ್ಚುವರಿ ಮಾಲು ಹೊಯ್ಯಿಸಿ ಇಡಬೇಕು. ಇನ್ನು, ಪ್ಯಾಟರ್ನ್ ನಿಮ್ಮ ದುಡ್ಡಿನದಾಗಿದ್ದರೆ ಅದು ನಿಮ್ಮ ಆಸ್ತಿ ಎಂದು ಒಪ್ಪಂದದಲ್ಲಿ ಬರೆಸಿ, ಕೇಳಿದಾಗ ಹಿಂದಿರುಗಿಸಬೇಕೆಂದೂ ಸೇರಿಸಿ. ಸತತ ಮೂರು ಶನಿವಾರ ತಪ್ಪಿದರೆ ಅದನ್ನು ಮತ್ತೊಂದು ಫೌಂಡ್ರಿಗೆ ಒಯ್ಯಲು ಆಗ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಒಯ್ಯುವ ಮೊದಲು ಹೊಸ ಕಡೆ ಹತ್ತು ಬಾಡಿ ಹೊಯ್ಯಿಸಿ, ಮಷಿನ್ ಮಾಡಿ, ಒತ್ತಡ ಪರೀಕ್ಷೆಯಲ್ಲಿ ನೀರು ಸೋರುವುದಿಲ್ಲ ಎಂದು ಖಚಿತವಾಗುವವರೆಗೆ ಹಳೆಯ ಫೌಂಡ್ರಿಯ ವಾರದ ಆರ್ಡರ್ ನಿಲ್ಲಿಸಬೇಡಿ.