ಒಂದು ಇಂಜೆಕ್ಷನ್ ಬಾಟಲಿಯನ್ನು ತಡೆಯಲು ಸರ್ಕಾರಕ್ಕೆ ಎಷ್ಟು ದಾರಿ?



ಕರು ಸತ್ತ ಎಮ್ಮೆಯನ್ನು ಕರೆಯಲು ಕೂತವರಿಗೆ ಆ ಕಷ್ಟ ಗೊತ್ತು. ಕೆಚ್ಚಲು ತುಂಬಿ ಬಿಗಿದಿರುತ್ತದೆ, ಎಷ್ಟು ಸವರಿದರೂ ಹಾಲು ಇಳಿಯುವುದಿಲ್ಲ. ಅರ್ಧ ಲೀಟರ್ ಬಂದು ನಿಂತುಬಿಡುತ್ತದೆ. ಇಂಥ ಹೊತ್ತಿನಲ್ಲೇ ಯಾರಾದರೂ ಹೆಸರು, ಚೀಟಿ ಯಾವುದೂ ಇಲ್ಲದ ಪ್ಲಾಸ್ಟಿಕ್ ಬಾಟಲಿ ತಂದು, "ಇದನ್ನು ಒಂಚೂರು ಚುಚ್ಚಿ ನೋಡಿ, ಹಾಲು ತಾನಾಗಿ ಇಳಿಯುತ್ತದೆ" ಎನ್ನುತ್ತಾರೆ. ಅದು ಆಕ್ಸಿಟೋಸಿನ್ ಎಂದು ಹೇಳಿ ಮಾರುವ ಔಷಧಿ.

ಆಕ್ಸಿಟೋಸಿನ್ ಹೊರಗಿನಿಂದ ಬಂದ ವಿಷವೇನಲ್ಲ. ಕರು ಮೊಲೆಗೆ ಬಾಯಿ ಹಾಕಿದಾಗ, ಅಥವಾ ನೀವು ಕೆಚ್ಚಲು ತೊಳೆದು ಸವರಿದಾಗ, ಹಸುವಿನ ಮೆದುಳಿನಿಂದಲೇ ಈ ಹಾರ್ಮೋನು ರಕ್ತಕ್ಕೆ ಬರುತ್ತದೆ. ಸುಮಾರು ಒಂದು ನಿಮಿಷದಲ್ಲಿ ಅದು ಕೆಚ್ಚಲಿಗೆ ತಲುಪಿ, ಹಾಲಿನ ಗೂಡುಗಳನ್ನು ಹಿಂಡಿ ಹಾಲನ್ನು ಕೆಳಗಿಳಿಸುತ್ತದೆ. ಅದರ ಕೆಲಸ ಕೆಲವೇ ನಿಮಿಷ. ಹಸು ಹೆದರಿದರೆ, ನೋವಾದರೆ, ಕರು ಕಾಣದೆ ಬೆದರಿದರೆ ಆ ಕೆಲಸ ನಿಂತುಹೋಗುತ್ತದೆ. ಸೂಜಿಯಲ್ಲಿ ಕೊಟ್ಟದ್ದು ಹೊಸದಾಗಿ ಹಾಲು ತಯಾರಿಸುವುದಿಲ್ಲ, ಕೆಚ್ಚಲಲ್ಲಿ ಆಗಲೇ ಇದ್ದ ಹಾಲನ್ನು ಹೊರಗೆ ತಳ್ಳುತ್ತದೆ. ಆದರೆ ಕೊನೆಗೆ ಇಳಿಯುವ ಹಾಲಿನಲ್ಲೇ ಫ್ಯಾಟ್ ಹೆಚ್ಚು. ಡೇರಿಯಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುವಾಗ ಈ ಸೂಜಿಯ ಆಸೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ದಿನವೂ ಚುಚ್ಚಿದರೆ ರಾಸು ಅದಕ್ಕೇ ಒಗ್ಗಿಕೊಂಡು, ಸೂಜಿ ಇಲ್ಲದೆ ಹಾಲು ಬಿಡದ ಹಾಗಾಗುತ್ತದೆ.

ಇಂಥ ಅಭ್ಯಾಸವನ್ನು ನಿಲ್ಲಿಸಬೇಕು ಎಂದು ಸರ್ಕಾರಕ್ಕೆ ಅನ್ನಿಸಿದರೆ ಅದರ ಕೈಯಲ್ಲಿರುವುದು ಮುಖ್ಯವಾಗಿ ನಾಲ್ಕು ದಾರಿ. ಕಾನೂನು ಮಾಡಿ ತಡೆಯಬಹುದು. ದುಡ್ಡಿನ ಮೂಲಕ, ಅಂದರೆ ಸಹಾಯಧನ ಕೊಟ್ಟೋ ದಂಡ ಹಾಕಿಯೋ, ಜನರನ್ನು ಬೇರೆ ಕಡೆಗೆ ತಿರುಗಿಸಬಹುದು. ತಿಳಿವಳಿಕೆ ಕೊಡಬಹುದು. ನಾಲ್ಕನೆಯದನ್ನು ಈಗಿನವರು 'ನಡ್ಜ್' ಎನ್ನುತ್ತಾರೆ. ಮೊಣಕೈಯಿಂದ ಮೆಲ್ಲಗೆ ತಿವಿದ ಹಾಗೆ ಅದು. ಬಲವಂತ ಇಲ್ಲ, ದುಡ್ಡೂ ಇಲ್ಲ. ಸರಿಯಾದ ಕೆಲಸವೇ ಸುಲಭವಾಗಿ ಕೈಗೆ ಸಿಗುವ ಹಾಗೆ ಏರ್ಪಾಟನ್ನು ಬದಲಿಸುವುದು, ಅಷ್ಟೇ. ಕಾಲುಬಾಯಿ ಜ್ವರದ ಲಸಿಕೆಯನ್ನು ನೀವು ಹುಡುಕಿಕೊಂಡು ಹೋಗುವ ಬದಲು ಲಸಿಕೆಯ ತಂಡವೇ ಗೊತ್ತಾದ ದಿನ ಊರಿಗೆ ಬರುತ್ತದಲ್ಲ, ಅದರಲ್ಲಿ ಈ ಗುಣವಿದೆ. ಬೇಡವೆನ್ನಲು ಮಾತು ಆಡಬೇಕು, ಹಾಕಿಸಿಕೊಳ್ಳಲು ರಾಸು ಹಿಡಿದುಕೊಂಡರೆ ಸಾಕು.

ಆಕ್ಸಿಟೋಸಿನ್ ವಿಷಯದಲ್ಲಿ ನಮ್ಮ ದೇಶ ಮೊದಲಿನಿಂದಲೂ ಹೆಚ್ಚು ನಂಬಿದ್ದು ಕಾನೂನನ್ನು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನ ಪ್ರಕಾರ, ಹೆಚ್ಚು ಹಾಲು ಕರೆಯಲೆಂದು ರಾಸಿನ ಆರೋಗ್ಯ ಕೆಡುವಂಥ ಇಂಜೆಕ್ಷನ್ ಕೊಡುವುದು ಅಪರಾಧ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟೆಂದರೆ ರಾಸೇ ಸರ್ಕಾರದ ಪಾಲಾಗುತ್ತದೆ. ಔಷಧಿ ಕಾನೂನಿನಲ್ಲೂ ಇದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ. 2014ರಲ್ಲಿ ಇನ್ನೂ ಬಿಗಿ ಮಾಡಿ, ಪಶುಗಳಿಗಾಗಿ ತಯಾರಾದದ್ದು ಪಶು ಆಸ್ಪತ್ರೆಗಳಿಗೆ ಮಾತ್ರ ಹೋಗಬೇಕು ಎಂದರು.

ಹೀಗಿದ್ದೂ ಬಾಟಲಿ ನಿಲ್ಲಲಿಲ್ಲ. ಬೆಳಗಿನ ಜಾವ ಐದು ಗಂಟೆಗೆ ಪ್ರತಿ ಕೊಟ್ಟಿಗೆಯ ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಲ್ಲಲು ಸಾಧ್ಯವಿಲ್ಲ. ಹಾಲನ್ನು ಪರೀಕ್ಷಿಸಿ ಹಿಡಿಯುವುದೂ ಕಷ್ಟ, ಏಕೆಂದರೆ ಈ ಹಾರ್ಮೋನು ರಕ್ತದಲ್ಲಿ ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತದೆ. ನೀರು ಬೆರೆಸಿದ ಹಾಲನ್ನು ಡೇರಿಯ ಯಂತ್ರ ಹಿಡಿದುಬಿಡುತ್ತದೆ, ಇದನ್ನು ಹಿಡಿಯದು. ಕಾನೂನಿನ ಬಲವೆಲ್ಲ ತಪ್ಪನ್ನು ಹಿಡಿಯುವುದರಲ್ಲಿದೆ. ಹಿಡಿಯಲಾಗದ ಕಡೆ ಕಾನೂನು ಗೋಡೆಯ ಮೇಲಿನ ಬರಹವಾಗಿ ಉಳಿಯುತ್ತದೆ.

2016ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟ್ ಈ ದುರುಪಯೋಗವನ್ನು ಗಮನಿಸಿ, ತಯಾರಿಕೆಯನ್ನು ಸರ್ಕಾರಿ ಕಂಪನಿಗಳಿಗೆ ಮಾತ್ರ ಬಿಡಬಹುದೇ ನೋಡಿ ಎಂದಿತು. ಕೇಂದ್ರ ಸರ್ಕಾರ ಆ ಮಾತನ್ನು ಹಿಡಿದುಕೊಂಡಿತು. ಕೊಟ್ಟಿಗೆಯಲ್ಲಿ ಹಿಡಿಯಲಾಗದಿದ್ದರೆ ಕಾರ್ಖಾನೆಯಲ್ಲೇ ಹಿಡಿಯೋಣ ಎಂಬುದು ಲೆಕ್ಕ. 2018ರ ಏಪ್ರಿಲ್ 27ರಂದು ಆದೇಶ ಹೊರಟಿತು: ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸುವಂತಿಲ್ಲ. ತಯಾರಿಸುವ ಹಕ್ಕು ಉಳಿದದ್ದು ಒಂದೇ ಕಂಪನಿಗೆ. ಅದು ನಮ್ಮ ಬೆಂಗಳೂರಿನದೇ, ಕರ್ನಾಟಕ ಆ್ಯಂಟಿಬಯೊಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಎಂಬ ಸರ್ಕಾರಿ ಕಂಪನಿ. ಇಡೀ ದೇಶಕ್ಕೆ ಬೇಕಾದಷ್ಟನ್ನು ಅದೊಂದೇ ಪೂರೈಸಬೇಕಿತ್ತು.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಈ ಔಷಧಿ ಕೊಟ್ಟಿಗೆಗಿಂತ ಮೊದಲು ಹೆರಿಗೆ ಮನೆಗೆ ಸೇರಿದ್ದು. ಮಗು ಹುಟ್ಟಿದ ಕೂಡಲೇ ನರ್ಸಮ್ಮ ತಾಯಿಗೆ ಒಂದು ಸೂಜಿ ಚುಚ್ಚುತ್ತಾರಲ್ಲ, ಅದು ಹತ್ತು ಯೂನಿಟ್ ಆಕ್ಸಿಟೋಸಿನ್. ಗರ್ಭಕೋಶ ಬಿಗಿದು ಕುಗ್ಗಿ ರಕ್ತ ನಿಲ್ಲುವುದು ಅದರಿಂದ. ಕುಗ್ಗದಿದ್ದರೆ ರಕ್ತ ಹರಿಯುತ್ತಲೇ ಇರುತ್ತದೆ, ಎಷ್ಟೋ ತಾಯಂದಿರು ಹಾಗೆ ಸತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ನಮ್ಮ ದೇಶದ ಪಟ್ಟಿಯಲ್ಲೂ ಇದು ಇದೆ. ಜೊತೆಗೆ ಫ್ರಿಜ್‌ನ ತಂಪಿನಲ್ಲೇ ಇಡಬೇಕಾದ ಔಷಧಿ, ಬಿಸಿಗೆ ಸತ್ವ ಕಳೆದುಕೊಳ್ಳುತ್ತದೆ. ಒಂದೇ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟರೆ, ದಾರಿಯಲ್ಲಿ ಲಾರಿ ನಿಂತರೆ, ದೂರದ ಹಳ್ಳಿಯ ಹೆರಿಗೆ ಕೋಣೆಯಲ್ಲಿ ಏನಾದೀತು? ಎಮ್ಮೆಯನ್ನು ಕಾಪಾಡಲು ಹಾಕಿದ ಬೇಲಿ ಬಾಣಂತಿಯ ದಾರಿಗೆ ಅಡ್ಡವಾಗುವಂತಿತ್ತು.

ಔಷಧಿ ಕಂಪನಿಗಳೂ, ಜನಾರೋಗ್ಯಕ್ಕಾಗಿ ಕೆಲಸ ಮಾಡುವ ಆಲ್ ಇಂಡಿಯಾ ಡ್ರಗ್ ಆ್ಯಕ್ಷನ್ ನೆಟ್‌ವರ್ಕ್ ಎಂಬ ಸಂಘಟನೆಯೂ ದೆಹಲಿ ಹೈಕೋರ್ಟ್‌ಗೆ ಹೋದವು. ಅಲ್ಲಿ ಎದ್ದ ಪ್ರಶ್ನೆಗಳು ಬಹಳ ನೇರ. ಕಳ್ಳ ಬಾಟಲಿಗಳು ಲೈಸೆನ್ಸ್ ಇರುವ ಕಂಪನಿಗಳಿಂದ ಸೋರಿಕೆಯಾಗುತ್ತಿವೆ ಎನ್ನಲು ಪುರಾವೆ ಇದೆಯೇ? ತಾಯಂದಿರಿಗೆ ಕೊರತೆಯಾದರೆ ಏನು ಎಂದು ಯಾರಾದರೂ ಯೋಚಿಸಿದರೇ? 2018ರ ಡಿಸೆಂಬರ್ 14ರಂದು ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನಿಷೇಧಕ್ಕೆ ತಕ್ಕ ವೈಜ್ಞಾನಿಕ ಆಧಾರವಿಲ್ಲ, ನಿರ್ಧಾರ ಮನಬಂದಂತೆ ಆಗಿದೆ ಎಂದಿತು. ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ ಹೋಯಿತು. 2019ರ ಆಗಸ್ಟ್‌ನಲ್ಲಿ ಅಲ್ಲಿನ ಪೀಠ ವಿಷಯವನ್ನು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಿತು.

ನನಗೆ ಕಾಣುವ ಪ್ರಕಾರ ಇಲ್ಲಿ ತಪ್ಪಿದ್ದು ಉದ್ದೇಶವಲ್ಲ, ಆಯುಧದ ಆಯ್ಕೆ. ಹಿತ್ತಲಲ್ಲಿ, ಶೆಡ್ಡಿನಲ್ಲಿ ಲೈಸೆನ್ಸ್ ಇಲ್ಲದೆ ಬಾಟಲಿ ತುಂಬುವವನು ಕಾನೂನಿನ ಹೊರಗೇ ಇದ್ದವನು. ಲೈಸೆನ್ಸ್ ಇದ್ದವರನ್ನು ಮುಚ್ಚಿಸಿದರೆ ಅವನಿಗೇನೂ ನಷ್ಟವಿಲ್ಲ, ಬಹುಶಃ ವ್ಯಾಪಾರ ಹೆಚ್ಚುತ್ತದೆ. ಯಾವ ದಾರಿ ಹಿಡಿಯಬೇಕು ಎಂದು ತೀರ್ಮಾನಿಸುವ ಮೊದಲು ತಪ್ಪು ಎಲ್ಲಿ ನಡೆಯುತ್ತಿದೆ, ಅಲ್ಲಿಗೆ ಈ ದಾರಿ ತಲುಪುತ್ತದೆಯೇ, ದಾರಿಯಲ್ಲಿ ಇನ್ನಾರಿಗೆ ಪೆಟ್ಟು ಬೀಳುತ್ತದೆ ಎಂದು ನೋಡಬೇಕಾಗುತ್ತದೆ. ಹಾಗಾದರೂ ಸರ್ಕಾರಗಳಿಗೆ ನಿಷೇಧ ಬಹಳ ಇಷ್ಟ. ಬೊಕ್ಕಸದಿಂದ ದುಡ್ಡು ಹೋಗುವುದಿಲ್ಲ, ಒಂದೇ ದಿನದಲ್ಲಿ ಕ್ರಮ ತೆಗೆದುಕೊಂಡಂತೆ ಕಾಣುತ್ತದೆ.

ದುಡ್ಡಿನ ದಾರಿಯೂ ಎಲ್ಲ ಕಡೆ ಒಗ್ಗುವುದಿಲ್ಲ. 2008ರಲ್ಲಿ ನಮ್ಮ ರಾಜ್ಯ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿತು, 2013ರಲ್ಲಿ ಅದು 4 ಆಯಿತು, ಆಮೇಲೆ 5ಕ್ಕೆ ಏರಿತು. ಅದು ಮನೆ ನಡೆಸುವ ಹೆಣ್ಣುಮಕ್ಕಳ ಖಾತೆಗೆ ಬರುವ ಹಣ, ಅದನ್ನು ಆಡಿಕೊಳ್ಳುವಂತಿಲ್ಲ. ಆದರೆ ಲೀಟರ್ ಲೆಕ್ಕದಲ್ಲಿ ಕೊಡುವ ಹಣ ಲೀಟರ್ ಹೆಚ್ಚಿಸಿ ಎಂದಷ್ಟೇ ಹೇಳುತ್ತದೆ, ಹೇಗೆ ಹೆಚ್ಚಿಸಿದಿರಿ ಎಂದು ಕೇಳುವುದಿಲ್ಲ. ಕಾಲುಬಾಯಿ ಜ್ವರದ ಲಸಿಕೆಯ ಲೆಕ್ಕವೇ ಬೇರೆ. ನಿಮ್ಮ ಹಸುವಿಗೆ ಹಾಕಿಸಿದರೆ ಪಕ್ಕದ ಮನೆಯ ಹಸುವಿಗೂ ರಕ್ಷಣೆ ಸಿಗುತ್ತದೆ, ಆದರೆ ಆ ರಕ್ಷಣೆಗೆ ನಿಮಗೆ ಯಾರೂ ದುಡ್ಡು ಕೊಡುವುದಿಲ್ಲ. ಅದಕ್ಕೇ ಅದನ್ನು ಪೂರ್ತಿ ಉಚಿತ ಮಾಡುವುದರಲ್ಲಿ ಅರ್ಥವಿದೆ. 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಖರ್ಚನ್ನು ಕೇಂದ್ರವೇ ಹೊತ್ತಿದೆ.

ಸೂಜಿಯ ವಿಷಯದಲ್ಲಿ ನಿಜವಾಗಿ ಕೊಟ್ಟಿಗೆಯೊಳಗೆ ಬರಬಲ್ಲದ್ದು ತಿಳಿವಳಿಕೆ. ಅದೂ "ಇಂಜೆಕ್ಷನ್ ಕೊಡಬೇಡಿ" ಎಂಬ ಪೋಸ್ಟರ್ ಅಲ್ಲ. ಹಾಲು ಇಳಿಯದೆ ಕಂಗಾಲಾದವರಿಗೆ ಬೇಡ ಎಂದರೆ ಸಾಲದು, ಬದಲಿಗೆ ಏನು ಮಾಡಬೇಕು ಎಂದು ಹೇಳಬೇಕು. ಕರೆಯುವ ಹೊತ್ತು, ಕರೆಯುವ ಕೈ ಬದಲಾಗದಿರಲಿ. ಕೆಚ್ಚಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಒಂದು ನಿಮಿಷ ಸವರಿ, ಕೂಡಲೇ ಕರೆಯಲು ಶುರು ಮಾಡಿ ಏಳೆಂಟು ನಿಮಿಷದೊಳಗೆ ಮುಗಿಸಿ. ಕರೆಯುವ ಹೊತ್ತಿಗೆ ಮುಂದೆ ಹಿಂಡಿ ಇಟ್ಟರೆ ರಾಸು ಕರುವಿಲ್ಲದೆಯೂ ನಿಧಾನವಾಗಿ ಒಗ್ಗುತ್ತದೆ. ಬೈಗುಳ, ಹೊಡೆತ, ನಾಯಿಯ ಬೊಗಳು ಆ ಹೊತ್ತಿಗೆ ಬೇಡ.

ಇಷ್ಟಾದರೂ ಹಾಲು ಇಳಿಯದಿದ್ದರೆ ಕೆಚ್ಚಲು ಬಾವು ಇದ್ದೀತು, ಮೊಲೆಯಲ್ಲಿ ಗಾಯ ಇದ್ದೀತು. ಪಶು ವೈದ್ಯರಿಗೆ ತೋರಿಸಿ. ಅವರೇ ಕೆಲವೊಮ್ಮೆ, ಕೆಚ್ಚಲು ಬಾವಿನಲ್ಲಿ ಕೆಟ್ಟ ಹಾಲು ಪೂರ್ತಿ ತೆಗೆಯಲೆಂದು, ಆಕ್ಸಿಟೋಸಿನ್ ಕೊಡುವುದುಂಟು. ಅದು ಚಿಕಿತ್ಸೆ. ಅವರು ತೆರೆಯುವ ಔಷಧಿಯ ಮೇಲೆ ಕಂಪನಿಯ ಹೆಸರು, ಬ್ಯಾಚ್ ನಂಬರ್, ಮುಗಿಯುವ ತಾರೀಖು ಇರುತ್ತದೆ. ಕೇಳಿ ನೋಡಿಕೊಳ್ಳಿ, ವೈದ್ಯರ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸಂತೆಯಲ್ಲಿ ರಾಸು ಕೊಳ್ಳುವಾಗಲೂ ಮಾರುವವರ ಮಾತನ್ನಷ್ಟೇ ನಂಬದೆ, ಕಣ್ಣೆದುರೇ ಕೈಯಿಂದ ಕರೆಸಿ. ಸೂಜಿಗೆ ಒಗ್ಗಿದ ರಾಸು ಅಲ್ಲೇ ಗೊತ್ತಾಗುತ್ತದೆ.